ಸತ್ತ ಮೇಲೆ ಕಾಯಿಲೆ ಹುಡುಕುವವರು

ಗಿರಣಿಯಲ್ಲಿ ದುಡಿಯುವವನ ಮನೆಗೆ, ಸಂತೆಯಲ್ಲಿ ಅಂಗಡಿ ಹಾಕುವವನ ಮನೆಗೆ ಸಾವು ಬಂದುಹೋದ ಮೂರನೆಯ ತಿಂಗಳಿಗೋ ನಾಲ್ಕನೆಯ ತಿಂಗಳಿಗೋ ಇನ್ನೊಂದು ಕಾಗದ ಬರುತ್ತದೆ. ಅಂಚೆಯಲ್ಲಿ ಬರುತ್ತದೆ, ಇಂಗ್ಲಿಷಿನಲ್ಲಿರುತ್ತದೆ. ತೀರಿಕೊಂಡವನ ಹೆಂಡತಿ ಅದನ್ನು ಸೆರಗಿನಲ್ಲಿ ಹಿಡಿದುಕೊಂಡು ಓದುಬಲ್ಲವರನ್ನು ಹುಡುಕುತ್ತಾ ಹೋಗುತ್ತಾಳೆ. ಓದಿದವರು ಹೇಳುವುದು ಇಷ್ಟೇ: "ನೋಡಮ್ಮ, ನಿಮ್ಮ ಯಜಮಾನರು ಪಾಲಿಸಿ ಮಾಡಿಸುವಾಗ ತಮಗಿದ್ದ ಕಾಯಿಲೆಯನ್ನು ಮುಚ್ಚಿಟ್ಟಿದ್ದರಂತೆ. ಅದಕ್ಕೆ ಹಣ ಕೊಡುವುದಿಲ್ಲವಂತೆ."

ಆ ಹೆಂಗಸಿಗೆ ಆಗುವ ನಷ್ಟ ಎರಡು. ಹಣ ಹೋಯಿತು, ಅದರ ಜೊತೆಗೆ ಸತ್ತ ಗಂಡನ ಮೇಲೆ ಸುಳ್ಳುಗಾರನೆಂಬ ಹೆಸರೂ ಬಂತು. ಆತ ಎದ್ದುಬಂದು ಉತ್ತರ ಹೇಳಲಾರ. ಅವಳು ಅಳುತ್ತಾ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗುತ್ತಾಳೆ. ಕಂಪನಿಗೆ ಬೇಕಾದದ್ದೂ ಅದೇ.

ಸುಮ್ಮನಾಗಬೇಡಿ ಎಂದು ಹೇಳುವುದಕ್ಕಾಗಿಯೇ ಈ ಲೇಖನ. ಆ ಕಾಗದ ತೀರ್ಪಲ್ಲ. ಹಣ ಕೊಡಬೇಕಾದ ಸಾಲಗಾರನು "ನಾನು ಕೊಡುವುದಿಲ್ಲ" ಎಂದು ಬರೆದ ಪತ್ರ, ಅಷ್ಟೆ. ಸಾಲಗಾರನೇ ನ್ಯಾಯಾಧೀಶನಾಗಿ ಕುಳಿತರೆ ಸಾಲ ತೀರುವುದು ಯಾವ ಕಾಲಕ್ಕೆ?

ಕಣ್ಣು ಮುಚ್ಚಿ ಕಂತು, ಕಣ್ಣು ತೆರೆದು ಕ್ಲೇಮು

ಈ ವ್ಯಾಪಾರದ ರೀತಿಯನ್ನು ಒಮ್ಮೆ ನೋಡಿ. ಪಾಲಿಸಿ ಮಾಡಿಸುವ ದಿನ ಏಜೆಂಟ ಮನೆಗೆ ಬರುತ್ತಾನೆ, ಇಲ್ಲವೇ ಪಾಳಿ ಬಿಡುವ ಹೊತ್ತಿಗೆ ಗಿರಣಿಯ ಬಾಗಿಲಿನಲ್ಲೇ ನಿಂತಿರುತ್ತಾನೆ. ಅವನ ಕೈಯಲ್ಲಿ ಪ್ರಪೋಸಲ್ ಫಾರಂ. ಹತ್ತಾರು ಪುಟ, ಇಂಗ್ಲಿಷಿನಲ್ಲಿ. ಆರೋಗ್ಯದ ಬಗ್ಗೆ ಸಾಲುಸಾಲು ಪ್ರಶ್ನೆಗಳು: ಕಳೆದ 5 ವರ್ಷಗಳಲ್ಲಿ ಒಂದು ವಾರಕ್ಕಿಂತ ಹೆಚ್ಚು ಚಿಕಿತ್ಸೆ ಪಡೆದಿದ್ದೀರಾ, ಆಸ್ಪತ್ರೆಗೆ ಸೇರಿದ್ದೀರಾ, ಸಕ್ಕರೆ ಕಾಯಿಲೆ ಇದೆಯೆ, ರಕ್ತದೊತ್ತಡ ಇದೆಯೆ, ಕ್ಷಯ ಇತ್ತೆ. ಈ ಪ್ರಶ್ನೆಗಳನ್ನು ಏಜೆಂಟ ಓದಿ ಹೇಳುತ್ತಾನೆಯೆ? ಬಹುಪಾಲು ಇಲ್ಲ. ಎಲ್ಲದರ ಮುಂದೆ "ಇಲ್ಲ, ಇಲ್ಲ, ಇಲ್ಲ" ಎಂದು ತಾನೇ ಬರೆದು, ಕೊನೆಯ ಪುಟ ತೆರೆದು, "ಇಲ್ಲಿ ಸಹಿ ಹಾಕಿ ಅಣ್ಣ" ಎನ್ನುತ್ತಾನೆ. ಕನ್ನಡದಲ್ಲಿ ಸಹಿ ಬೀಳುತ್ತದೆ. ಕಮಿಷನ್ ಅವನಿಗೆ, ಕಂತು ಕಂಪನಿಗೆ.

ಆ ದಿನ ಕಂಪನಿಗೆ ಯಾವ ಸಂಶಯವೂ ಇಲ್ಲ. ಸಣ್ಣ ಮೊತ್ತದ ಪಾಲಿಸಿಗಳಲ್ಲಿ ಡಾಕ್ಟರ ತಪಾಸಣೆಯನ್ನೇ ಕೇಳುವುದಿಲ್ಲ. ಇಎಸ್‌ಐ ಚೀಟಿ ತೋರಿಸು ಎನ್ನುವುದಿಲ್ಲ. ಆದರೆ ಮನುಷ್ಯ ಸತ್ತ ಮರುದಿನ ಅದೇ ಕಂಪನಿಗೆ ನೂರು ಕಣ್ಣು ಬರುತ್ತವೆ. ತನಿಖೆಗಾರ ಆಸ್ಪತ್ರೆಗೆ ಹೋಗಿ ಕೇಸ್ ಶೀಟ್ ತೆಗೆಸುತ್ತಾನೆ. ಗಿರಣಿಯ ಆಫೀಸಿಗೆ ಹೋಗಿ ರಜೆಯ ಲೆಕ್ಕ ಕೇಳುತ್ತಾನೆ. ಎಲ್‌ಐಸಿಯಲ್ಲಾದರೆ ಮಾಲೀಕನಿಂದ ರಜೆಯ ವಿವರ ಬರೆಸಿಕೊಳ್ಳುವುದಕ್ಕೆ ಇ ಫಾರಂ ಎಂಬುದೇ ಬೇರೆ ಇದೆ. ಸಾವಿಗೆ ಮುಂಚೆ ನೋಡಿದ ಡಾಕ್ಟರಿಗೆ ಬಿ ಫಾರಂ. ಆಸ್ಪತ್ರೆಗೆ ಬಿ1 ಫಾರಂ. ಬದುಕಿದ್ದಾಗ ಒಂದು ನಾಡಿ ಹಿಡಿಯದವರು ಸತ್ತವನ ಹತ್ತು ವರ್ಷದ ಕೆಮ್ಮನ್ನು ಲೆಕ್ಕ ಹಾಕುತ್ತಾರೆ.

ಇದು ಹೊಸ ರೋಗವೇನೂ ಅಲ್ಲ. 1956ರ ಸೆಪ್ಟೆಂಬರ್ 1ರಂದು 245 ಖಾಸಗಿ ವಿಮಾ ಸಂಸ್ಥೆಗಳನ್ನು ಸೇರಿಸಿ ಜೀವವಿಮಾ ನಿಗಮ ಕಟ್ಟಿದಾಗ, ಬಡವನ ಉಳಿತಾಯ ಇನ್ನು ಸುರಕ್ಷಿತವೆಂದು ಜನ ನಂಬಿದರು. 1999ರ ಕಾನೂನಿನಿಂದ ಖಾಸಗಿ ಕಂಪನಿಗಳಿಗೆ ಮತ್ತೆ ಬಾಗಿಲು ತೆರೆಯಿತು. ಈಗ ಸರಕಾರದ ನಿಗಮವೂ ಇದೆ, ಖಾಸಗಿಯವರೂ ಇದ್ದಾರೆ. ನಿರಾಕರಣೆಯ ಪತ್ರ ಬರೆಯುವುದರಲ್ಲಿ ಇಬ್ಬರ ಇಂಗ್ಲಿಷೂ ಒಂದೇ.

ಆದರೆ ಕಂಪನಿಗಳು ವಿಧವೆಗೆ ತಿಳಿಸದ ಒಂದು ಮಾತಿದೆ. 1938ರ ವಿಮಾ ಕಾನೂನಿನಲ್ಲಿ 45ನೆಯ ಕಲಮು ಎಂಬುದಿದೆ. ಬಡವನ ಕೈಯಲ್ಲಿರುವ ಆಯುಧವೆಂದರೆ ಅದೇ. 2015ರ ತಿದ್ದುಪಡಿ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಆ ತಿದ್ದುಪಡಿ 2014ರ ಡಿಸೆಂಬರ್ 26ರಿಂದಲೇ ಜಾರಿಯಲ್ಲಿದೆ. ಈ ಕಲಮನ್ನು ನಾವು ಬಿಡಿಸಿ ಓದಿಕೊಳ್ಳೋಣ.

ಮೂರು ವರ್ಷದ ಗೆರೆ

ನಿರಾಕರಣೆಯ ಪತ್ರ ಕೈಗೆ ಬಂದಾಗ ಕಾಯಿಲೆಯ ಮಾತನ್ನು ಮೊದಲು ಬದಿಗಿಡಿ. ಮೊದಲು ನೋಡಬೇಕಾದದ್ದು ತಾರೀಖು.

ಪಾಲಿಸಿ ಕೊಟ್ಟು 3 ವರ್ಷ ಕಳೆದ ಮೇಲೆ, ಯಾವ ಕಾರಣಕ್ಕೂ ಆ ಪಾಲಿಸಿಯನ್ನು ಕಂಪನಿ ಪ್ರಶ್ನಿಸುವಂತಿಲ್ಲ. ಕಾಯಿಲೆ ಮುಚ್ಚಿಟ್ಟ ಎಂದೂ ಇಲ್ಲ, ಮೋಸ ಮಾಡಿದ ಎಂದೂ ಇಲ್ಲ. ಹಳೆಯ ಕಾನೂನಿನಲ್ಲಿ 2 ವರ್ಷ ಆದ ಮೇಲೂ ಮೋಸವೆಂದು ತೋರಿಸಿ ತಪ್ಪಿಸಿಕೊಳ್ಳಲು ದಾರಿಯಿತ್ತು. ಈಗಿನ ಕಾನೂನು 3 ವರ್ಷದ ನಂತರ ಆ ದಾರಿಯನ್ನೂ ಮುಚ್ಚಿದೆ. ವಯಸ್ಸಿನ ದಾಖಲೆಯನ್ನು ಮಾತ್ರ ಕಂಪನಿ ಯಾವಾಗ ಬೇಕಾದರೂ ಕೇಳಬಹುದು. ಕಂತು ಕಟ್ಟದೆ ಪಾಲಿಸಿ ಬಿದ್ದುಹೋಗಿದ್ದರೆ ಅದು ಬೇರೆ ವಿಷಯ.

ಈ 3 ವರ್ಷ ಎಲ್ಲಿಂದ ಎಣಿಸಬೇಕು? ಪಾಲಿಸಿ ಕೊಟ್ಟ ದಿನ, ವಿಮೆಯ ಹೊಣೆ ಶುರುವಾದ ದಿನ, ಪಾಲಿಸಿಗೆ ಬೇರೆ ಲಾಭ ಸೇರಿಸಿದ ದಿನ, ಬಿದ್ದುಹೋದ ಪಾಲಿಸಿಯನ್ನು ಮತ್ತೆ ಚಾಲೂ ಮಾಡಿಸಿದ ದಿನ; ಇವುಗಳಲ್ಲಿ ಕೊನೆಯದು ಯಾವುದೋ ಅಲ್ಲಿಂದ. ಇನ್ನೊಂದು ಮಾತು ಗಮನಿಸಿ. ಗೆರೆಯ ಒಳಗೆ ಬರಬೇಕಾದದ್ದು ಕಂಪನಿಯ ಪ್ರಶ್ನೆ. 3 ವರ್ಷ ಮುಗಿದ ಮೇಲೆ ಪಾಲಿಸಿಯನ್ನು ಪ್ರಶ್ನಿಸಬಾರದು ಎಂಬುದೇ ಕಾನೂನಿನ ಮಾತು. ಆದ್ದರಿಂದ ಸಾವು ಗೆರೆಯ ಒಳಗಿದ್ದು, ನಿರಾಕರಣೆಯ ಪತ್ರ ಗೆರೆ ದಾಟಿದ ಮೇಲೆ ಬಂದಿದ್ದರೆ ಅದನ್ನೇ ಮೊದಲ ಆಕ್ಷೇಪಣೆಯಾಗಿ ಬರೆಯಬೇಕು. ಲಕೋಟೆಯನ್ನು ಸಹ ಎಸೆಯಬೇಡಿ. ಅದರ ಮೇಲಿನ ಅಂಚೆಯ ಮೊಹರು ಸಾಕ್ಷಿ.

ಗಿರಣಿ ಕಾರ್ಮಿಕನೂ ಸಣ್ಣ ವ್ಯಾಪಾರಿಯೂ ಬೀಳುವ ಗುಂಡಿ ಇರುವುದು ಆ "ಮತ್ತೆ ಚಾಲೂ ಮಾಡಿಸಿದ ದಿನ" ಎಂಬ ಮಾತಿನಲ್ಲಿ. ತಿಂಗಳ ಸಂಬಳದ ಆಫೀಸರನ ಕಂತು ಬ್ಯಾಂಕಿನಿಂದ ತಾನಾಗಿ ಹೋಗುತ್ತದೆ. ನಮ್ಮವನ ಗಿರಣಿಯಲ್ಲಿ ಲೇ-ಆಫ್ ಆಯಿತು, ಅಂಗಡಿಯಲ್ಲಿ ಆಷಾಢದ ವ್ಯಾಪಾರ ಬಿತ್ತು, ಎರಡು ಕಂತು ತಪ್ಪಿತು. ತಿಂಗಳ ಕಂತಿಗೆ ಇರುವ ವಾಯಿದೆ 15 ದಿನ, ಮೂರು ತಿಂಗಳ ಅಥವಾ ವರ್ಷದ ಕಂತಿಗೆ 30 ದಿನ. ಅದು ಮುಗಿದರೆ ಪಾಲಿಸಿ ಬಿತ್ತು. ಕೈಗೆ ಕಾಸು ಬಂದಾಗ ಬಡ್ಡಿ ಸಮೇತ ಬಾಕಿ ಕಟ್ಟಿ ಎಬ್ಬಿಸುತ್ತಾನೆ. ಆಗ ಕೌಂಟರಿನಲ್ಲಿ ಒಂದು ಹಾಳೆ ಕೊಡುತ್ತಾರೆ. ಅದು ರಸೀತಿಯಲ್ಲ, "ನನ್ನ ಆರೋಗ್ಯ ಚೆನ್ನಾಗಿದೆ, ಪಾಲಿಸಿ ಮಾಡಿಸಿದ ಮೇಲೆ ಯಾವ ಕಾಯಿಲೆಯೂ ಬಂದಿಲ್ಲ" ಎಂಬ ಹೇಳಿಕೆ. ಆತ ಓದದೆ ಸಹಿ ಹಾಕುತ್ತಾನೆ. ಅಲ್ಲಿಗೆ ಹತ್ತು ವರ್ಷದ ಹಳೆಯ ಪಾಲಿಸಿಯೂ ಆ ದಿನ ಹುಟ್ಟಿದ ಕೂಸಾಯಿತು. 3 ವರ್ಷದ ಎಣಿಕೆ ಮತ್ತೆ ಒಂದರಿಂದ ಶುರು.

ಆ ಹಾಳೆಯನ್ನು ಓದಿಸಿ ಕೇಳಿ, ಇದ್ದ ಕಾಯಿಲೆಯನ್ನು ಅದರಲ್ಲೇ ಬರೆಸಿ. ಬರೆಸಿದರೆ ಕಂಪನಿ ಹೆಚ್ಚೆಂದರೆ ತಪಾಸಣೆ ಕೇಳೀತು, ಕಂತು ಏರಿಸೀತು, ಎಬ್ಬಿಸುವುದಿಲ್ಲವೆಂದೀತು. ಬರೆಸದಿದ್ದರೆ ನಿಮ್ಮ ಹೆಂಡತಿ ಮಕ್ಕಳ ಕೈಗೆ ಆ ಇಂಗ್ಲಿಷ್ ಕಾಗದ ಬರುತ್ತದೆ. ಒಂದು ವೇಳೆ ಎಬ್ಬಿಸಿದ್ದನ್ನೇ ಕಂಪನಿ ರದ್ದು ಮಾಡಿದರೂ, ಬೀಳುವ ಮುಂಚೆ ಕಟ್ಟಿದ ಕಂತುಗಳಿಗೆ ತಕ್ಕ ಪೇಡ್-ಅಪ್ ಮೌಲ್ಯ ಆ ಪಾಲಿಸಿಗೆ ಬಂದಿತ್ತೆ ಎಂದು ಕೇಳುವ ಹಕ್ಕು ಮನೆಯವರಿಗಿದೆ. ಅದನ್ನು ಬಾಯಿಬಿಟ್ಟು ಕೇಳಬೇಕು.

ಗೆರೆಯ ಒಳಗೆ ಸತ್ತರೆ

ಈಗ ಕಷ್ಟದ ಭಾಗಕ್ಕೆ ಬರೋಣ. ಒಂದು ಮನೆಯನ್ನು ಉದಾಹರಣೆಯಾಗಿ ಕಣ್ಣಮುಂದೆ ಇಟ್ಟುಕೊಳ್ಳಿ. ಮಗ್ಗದ ಖಾತೆಯಲ್ಲಿ ದುಡಿಯುತ್ತಿದ್ದವನೊಬ್ಬ 2021ರ ಜೂನ್ 12ರಂದು 5 ಲಕ್ಷ ರೂಪಾಯಿಯ ಪಾಲಿಸಿ ಪಡೆದ. ಮೂರು ತಿಂಗಳಿಗೊಮ್ಮೆ 6,800 ರೂಪಾಯಿಯಂತೆ 10 ಕಂತು, ಅಂದರೆ 68,000 ರೂಪಾಯಿ ಕಟ್ಟಿದ. 2023ರ ನವೆಂಬರಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಎದೆನೋವು; ಆಸ್ಪತ್ರೆಗೆ ಸೇರಿಸಿದ ಮರುದಿನ ಹೃದಯಾಘಾತದಿಂದ ಸತ್ತ. 2024ರ ಫೆಬ್ರವರಿಯಲ್ಲಿ ಕಂಪನಿಯ ಪತ್ರ: ಕೇಸ್ ಶೀಟಿನಲ್ಲಿ "5 ವರ್ಷದಿಂದ ಸಕ್ಕರೆ ಕಾಯಿಲೆ" ಎಂದಿದೆ, ಅರ್ಜಿಯಲ್ಲಿ "ಇಲ್ಲ" ಎಂದಿದೆ, ಆದ್ದರಿಂದ ಹಣವಿಲ್ಲ. 3 ವರ್ಷ ತುಂಬುವುದು 2024ರ ಜೂನಿನಲ್ಲಿ. ಪತ್ರ ಗೆರೆಯ ಒಳಗೇ ಬಂದಿದೆ. ಈ ಮನೆಗೆ ತಾರೀಖಿನ ರಕ್ಷಣೆ ಇಲ್ಲ. ಹಾಗಾದರೆ ಕೈಚೆಲ್ಲಬೇಕೆ? ಬೇಡ.

ಗೆರೆಯ ಒಳಗೆ ಕಂಪನಿ ಎರಡೇ ಆರೋಪ ಹೊರಿಸಬಹುದು. ಒಂದು, ಮೋಸ. ಇನ್ನೊಂದು, ಆಯುಸ್ಸಿಗೆ ಸಂಬಂಧಪಟ್ಟ ಮುಖ್ಯ ಸಂಗತಿಯನ್ನು ತಪ್ಪಾಗಿ ಹೇಳಿದ್ದು ಅಥವಾ ಮುಚ್ಚಿದ್ದು. ಯಾವುದೇ ಆಗಲಿ, ಯಾವ ಕಾರಣದಿಂದ, ಯಾವ ಕಾಗದಗಳ ಆಧಾರದ ಮೇಲೆ ಈ ತೀರ್ಮಾನ ಎಂದು ಮನೆಯವರಿಗೆ ಬರೆದು ತಿಳಿಸಲೇಬೇಕು. ಪತ್ರದಲ್ಲಿ ಎರಡರಲ್ಲಿ ಯಾವುದನ್ನು ಹೇಳಿದ್ದಾರೆ ಎಂದು ಬೆರಳಿಟ್ಟು ಹುಡುಕಿ. ಎರಡಕ್ಕೂ ಫಲ ಬೇರೆ, ಉತ್ತರವೂ ಬೇರೆ.

ಎರಡನೆಯದಾದರೆ, ಅಂದರೆ ಮೋಸವೆನ್ನದೆ ಬರೀ ಮುಚ್ಚಿಟ್ಟರೆಂದರೆ, ಕಟ್ಟಿದ ಕಂತುಗಳನ್ನು ನಿರಾಕರಿಸಿದ ದಿನದಿಂದ 90 ದಿನದೊಳಗೆ ಹಿಂದಿರುಗಿಸಲೇಬೇಕು. ನಮ್ಮ ಉದಾಹರಣೆಯಲ್ಲಿ ಆ 68,000 ರೂಪಾಯಿ. ಅದು ದಾನವಲ್ಲ, ಕಾನೂನು. ಅದನ್ನು ತೆಗೆದುಕೊಳ್ಳುವಾಗ "ಪೂರ್ತಿ ತೀರುವಳಿ" ಎಂಬ ಚೀಟಿಗೆ ಸುಮ್ಮನೆ ಸಹಿ ಹಾಕಬೇಡಿ. "ನನ್ನ ಆಕ್ಷೇಪಣೆಯನ್ನು ಉಳಿಸಿಕೊಂಡು ಪಡೆದಿದ್ದೇನೆ" ಎಂದು ಕನ್ನಡದಲ್ಲೇ ಬರೆದು ಸಹಿ ಹಾಕಿ.

ಇದಕ್ಕಿಂತ ದೊಡ್ಡ ಮಾತು ಮುಂದಿದೆ. ಎಲ್ಲ ಕಾಯಿಲೆಯೂ "ಮುಖ್ಯ ಸಂಗತಿ"ಯಲ್ಲ. ಕಂಪನಿ ಹೊತ್ತುಕೊಂಡ ಹೊಣೆಗೆ ನೇರ ಸಂಬಂಧ ಇರಬೇಕು. ಅಷ್ಟೇ ಅಲ್ಲ, "ಈ ಸಂಗತಿ ಮೊದಲೇ ಗೊತ್ತಿದ್ದರೆ ನಾವು ಪಾಲಿಸಿಯನ್ನೇ ಕೊಡುತ್ತಿರಲಿಲ್ಲ" ಎಂದು ತೋರಿಸುವ ಹೊಣೆ ಕಂಪನಿಯ ತಲೆಯ ಮೇಲಿದೆ. ಇದನ್ನು ಮತ್ತೊಮ್ಮೆ ಓದಿ. ಹೆಚ್ಚು ಕಂತು ಹಾಕುತ್ತಿದ್ದೆವು ಎಂದರೆ ಸಾಲದು. ಪಾಲಿಸಿಯನ್ನೇ ಕೊಡುತ್ತಿರಲಿಲ್ಲ ಎಂದು ತೋರಿಸಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಸ್ವಲ್ಪ ಹೆಚ್ಚು ಕಂತು ಹಾಕಿ ಪಾಲಿಸಿ ಕೊಡುವುದು ವಿಮಾ ವ್ಯಾಪಾರದಲ್ಲಿ ನಡೆದೇ ಇದೆ. ಹಾಗಾದರೆ ಆ ಮಗ್ಗದವನ ಹೆಂಡತಿ ಕೇಳಬೇಕಾದ ಪ್ರಶ್ನೆ ಒಂದೇ: "ಸಕ್ಕರೆ ಕಾಯಿಲೆಯವರಿಗೆ ಪಾಲಿಸಿ ಕೊಡುವುದೇ ಇಲ್ಲ ಎಂಬ ನಿಮ್ಮ ನಿಯಮ ಎಲ್ಲಿದೆ? ತೋರಿಸಿ." ಈ ಪ್ರಶ್ನೆಗೆ ಕಂಪನಿ ದಾಖಲೆಯಿಂದಲೇ ಉತ್ತರ ಕೊಡಬೇಕು.

ಮೋಸವೆಂಬ ಆರೋಪ

ಕಂಪನಿಗಳು ಇದನ್ನು ಬಲ್ಲವು. ಆದ್ದರಿಂದ ಪತ್ರದಲ್ಲಿ "ಮೋಸ" ಎಂಬ ಮಾತು ಸೇರಿಸಲು ನೋಡುತ್ತವೆ. ಮೋಸವಾದರೆ ಕಂತು ಹಿಂದಿರುಗಿಸುವ ಕಟ್ಟುಪಾಡೂ ಇಲ್ಲ. ಇಲ್ಲಿ ಕಾನೂನು ನಮ್ಮ ಮೇಲೂ ಭಾರ ಹಾಕಿದೆ ಎಂಬುದನ್ನು ಮುಚ್ಚಿಡಬಾರದು: ಪಾಲಿಸಿದಾರ ಬದುಕಿಲ್ಲದಿದ್ದರೆ ಮೋಸವಲ್ಲ ಎಂದು ತೋರಿಸಬೇಕಾದವರು ಹಣ ಪಡೆಯಬೇಕಾದ ಮನೆಯವರೇ. ಸತ್ತವನ ಮನಸ್ಸಿನಲ್ಲಿ ಏನಿತ್ತೆಂದು ಅವನ ವಿಧವೆ ಸಾಬೀತು ಮಾಡಬೇಕಂತೆ! ಈ ನಿಯಮ ಅನ್ಯಾಯದ್ದು, ಬದಲಾಗಬೇಕು. ಬದಲಾಗುವವರೆಗೆ ಅದನ್ನು ಎದುರಿಸುವ ದಾರಿ ತಿಳಿದಿರಬೇಕು.

ಮೋಸವೆಂದರೆ ಬರೀ ತಪ್ಪು ಉತ್ತರವಲ್ಲ. ಕಂಪನಿಯನ್ನು ವಂಚಿಸುವ ಉದ್ದೇಶದಿಂದ ಮಾಡಿದ್ದಾಗಿರಬೇಕು. ಮನೆಯವರು ಮೂರರಲ್ಲಿ ಒಂದನ್ನು ತೋರಿಸಿದರೆ ಸಾಕು. ಹೇಳಿದ್ದು ಅವನ ತಿಳಿವಳಿಕೆಯ ಮಟ್ಟಿಗೆ ನಿಜವಾಗಿತ್ತು. ಅಥವಾ ಮುಚ್ಚಿಡಬೇಕೆಂಬ ಉದ್ದೇಶ ಇರಲಿಲ್ಲ. ಅಥವಾ ಆ ಸಂಗತಿ ಕಂಪನಿಗೆ ಮೊದಲೇ ಗೊತ್ತಿತ್ತು.

ಈ ಮೂರನೆಯದರಲ್ಲಿ ಏಜೆಂಟನ ಪಾತ್ರ ಬರುತ್ತದೆ. ವಿಮೆಗಾಗಿ ಜನರನ್ನು ಕೇಳಿಕೊಂಡು ಬಂದು ಮಾತುಕತೆ ನಡೆಸುವವನು, ಒಪ್ಪಂದ ಕುದುರುವ ಮಟ್ಟಿಗೆ ಕಂಪನಿಯ ಪ್ರತಿನಿಧಿಯೇ ಎಂದು ಅದೇ 45ನೆಯ ಕಲಮಿನ ವಿವರಣೆ ಹೇಳುತ್ತದೆ. ಫಾರಂ ತುಂಬಿದವನು ನಿಮ್ಮ ಏಜೆಂಟ, ನಮಗೆ ಸಂಬಂಧವಿಲ್ಲ ಎಂದು ಕಂಪನಿ ಕೈ ತೊಳೆದುಕೊಳ್ಳಲಾರದು. ಏಜೆಂಟ ಅದೇ ಓಣಿಯವನು, ಸಕ್ಕರೆ ಮಾತ್ರೆ ತಿನ್ನುವುದನ್ನು ಕಂಡವನು, "ಅದೆಲ್ಲ ಬರೆಯೋದು ಬೇಡ ಬಿಡಿ" ಎಂದವನು ಆಗಿದ್ದರೆ, ಆ ಮಾತನ್ನು ಕೇಳಿದ ಅಣ್ಣನೋ ನೆರೆಯವರೋ ನೋಟರಿಯ ಮುಂದೆ ಅಫಿಡವಿಟ್ ಮಾಡಿಕೊಡಲಿ.

ಹೇಳಿಕೊಡಲು ಸುಲಭ, ಸಾಬೀತು ಮಾಡಲು ಕಷ್ಟ ಎಂಬುದೂ ನಿಜ. ಸಹಿ ಹಾಕಿದವನು ಒಳಗಿನದನ್ನು ಒಪ್ಪಿದಂತೆ ಎಂಬ ಕಂಪನಿಯ ವಾದಕ್ಕೆ ನ್ಯಾಯಪೀಠಗಳು ಎಷ್ಟೋ ಸಲ ತಲೆದೂಗಿವೆ. ಆದ್ದರಿಂದ ಬಾಯಿಮಾತಿನ ಮೇಲೆ ಮಾತ್ರ ನಿಲ್ಲಬೇಡಿ. ಕಾಗದ ನೋಡಿ. ಫಾರಂನ ಉತ್ತರಗಳು ಯಾರ ಕೈಬರಹದಲ್ಲಿವೆ? ಸಹಿ ಕನ್ನಡದಲ್ಲಿದ್ದು ಫಾರಂ ಇಂಗ್ಲಿಷಿನಲ್ಲಿದ್ದರೆ, "ಇದನ್ನು ಅವರ ಭಾಷೆಯಲ್ಲಿ ಓದಿ ವಿವರಿಸಿದ್ದೇನೆ" ಎಂದು ಫಾರಂ ತುಂಬಿದವನು ಬರೆದು ಸಹಿ ಹಾಕುವ ಜಾಗವೊಂದಿದೆ. ಅದು ಖಾಲಿ ಇದೆಯೆ? ಖಾಲಿ ಇದ್ದರೆ ಕಂಪನಿಯ ಬೇಲಿಯಲ್ಲಿ ಅದು ದೊಡ್ಡ ಕಂಡಿ.

ಕೇಸ್ ಶೀಟಿನ ಒಂದು ಸಾಲು

ಇನ್ನು ಸಾಕ್ಷಿಯ ಮಾತು. ಕಂಪನಿ ತೋರಿಸುವುದು ಬಹುಪಾಲು ಒಂದೇ ಸಾಲು: ಕೊನೆಗೆ ಸೇರಿಸಿದ ಆಸ್ಪತ್ರೆಯ ಕೇಸ್ ಶೀಟಿನಲ್ಲಿ "5 ವರ್ಷದಿಂದ ಸಕ್ಕರೆ". ಆ ಸಾಲು ಹುಟ್ಟಿದ್ದು ಹೇಗೆ? ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡ ಮನುಷ್ಯನನ್ನು ಹೊತ್ತು ತಂದಾಗ, ಪಾಳಿಯಲ್ಲಿದ್ದ ಕಿರಿಯ ಡಾಕ್ಟರು ಜೊತೆಗೆ ಬಂದವರನ್ನು "ಸಕ್ಕರೆ ಇದೆಯಾ, ಎಷ್ಟು ವರ್ಷದಿಂದ?" ಎಂದು ಕೇಳಿದ್ದಾರೆ. ಬಂದ ಭಾವಮೈದುನನೋ ಪಕ್ಕದ ಮನೆಯವನೋ ಗಾಬರಿಯಲ್ಲಿ "ಇರಬೇಕು ಸಾರ್, ನಾಲ್ಕೈದು ವರ್ಷ" ಎಂದಿದ್ದಾನೆ. ಅದು ಶಾಸನವಾಗಿ ಕುಳಿತಿತು. ಹೇಳಿದವನಾರು ಎಂದು ಅಲ್ಲಿ ಬರೆದಿರುವುದಿಲ್ಲ. ಬರೆದ ಡಾಕ್ಟರು ಆತನನ್ನು ಅದಕ್ಕೆ ಮುಂಚೆ ಕಂಡವರಲ್ಲ.

ಆ ಸಾಲಿಗೆ ಮನೆಯವರು ಹಾಕಬೇಕಾದ ಸವಾಲು ಹೀಗಿದೆ. 2021ರ ಜೂನ್ 12ಕ್ಕೆ ಮುಂಚಿನ ಒಂದು ಔಷಧಿ ಚೀಟಿ, ಒಂದು ರಕ್ತ ಪರೀಕ್ಷೆಯ ವರದಿ, ಒಂದು ಆಸ್ಪತ್ರೆಯ ದಾಖಲೆ ಕಂಪನಿಯ ಬಳಿ ಇದೆಯೆ? ಆಗ ಚಿಕಿತ್ಸೆ ಕೊಟ್ಟ ಡಾಕ್ಟರು ಯಾರು? ಅವರ ಅಫಿಡವಿಟ್ ಎಲ್ಲಿ? ಪಾಲಿಸಿಗೆ ಮುಂಚೆ ಕಾಯಿಲೆ ಇತ್ತು ಎಂಬುದಷ್ಟೇ ಅಲ್ಲ, ಅದು ಇರುವುದು ಆತನಿಗೆ ತಿಳಿದಿತ್ತು ಎಂಬುದೂ ಕಾಗದದಿಂದ ಕಾಣಬೇಕು. ಸಕ್ಕರೆ ಕಾಯಿಲೆ ಎಷ್ಟೋ ಜನರ ಮೈಯಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ತನಗೇ ತಿಳಿಯದ್ದನ್ನು ಯಾರು ಮುಚ್ಚಿಟ್ಟಾರು?

ಇದಕ್ಕೆ ಎದುರು ಕಾಗದಗಳನ್ನು ನೀವೂ ಕೂಡಿಸಬೇಕು. ರೋಗಿಯ ದಾಖಲೆಗಳ ಪ್ರತಿಯನ್ನು ಮನೆಯವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ಡಾಕ್ಟರುಗಳ ವೃತ್ತಿ ನಿಯಮವಿದೆ. ಪೂರ್ತಿ ಕೇಸ್ ಶೀಟನ್ನು ಬರೆದು ಕೇಳಿ. ಗಿರಣಿಯಿಂದ ಹಾಜರಿ ಮತ್ತು ರಜೆಯ ಪ್ರತಿ ತೆಗೆಸಿ. ಇಎಸ್‌ಐ ದಾಖಲೆಯಲ್ಲಿ ಜ್ವರಕ್ಕೆ, ಬೆನ್ನುನೋವಿಗೆ ಪಡೆದ ರಜೆಯನ್ನು ಕಂಪನಿ ದೊಡ್ಡ ಕಾಯಿಲೆಯಂತೆ ತೋರಿಸಿದ್ದರೆ ಅದರಿಂದಲೇ ಸುಳ್ಳು ಹೊರಬೀಳುತ್ತದೆ. ಪಾಲಿಸಿ ಪಡೆಯುವಾಗ ಕಂಪನಿಯ ಡಾಕ್ಟರು ತಪಾಸಣೆ ಮಾಡಿದ್ದರೆ ಆ ವರದಿಯ ಪ್ರತಿ ಕೇಳಿ. ಅವರದೇ ಡಾಕ್ಟರಿಗೆ ಕಾಣದ ಕಾಯಿಲೆ ಮಗ್ಗದವನಿಗೆ ಕಾಣಬೇಕಿತ್ತೆ?

ತನಿಖೆಗಾರನ ವಿಷಯದಲ್ಲಿ ಮಾತ್ರ ಎಚ್ಚರ. ಹದಿಮೂರನೆಯ ದಿನ ಕಳೆಯುವ ಮುಂಚೆಯೇ ಆತ ಮನೆಗೆ ಬಂದು ಮೆತ್ತಗೆ ಮಾತಾಡುತ್ತಾನೆ. "ಹಣ ಬೇಗ ಬರಲಿ ಅಂತ ಬಂದಿದೀನಿ ಅಮ್ಮ, ಇಲ್ಲೊಂದು ಸಹಿ" ಎನ್ನುತ್ತಾನೆ. ಆ ಹಾಳೆಯಲ್ಲಿ "ನನ್ನ ಗಂಡನಿಗೆ ಬಹಳ ವರ್ಷದಿಂದ ಕಾಯಿಲೆಯಿತ್ತು" ಎಂದು ಇರಬಹುದು. ಬರೆದದ್ದನ್ನು ಓದಿಸಿ ಕೇಳದೆ, ಪ್ರತಿ ಕೈಗೆ ಬಾರದೆ ಸಹಿ ಹಾಕಬೇಡಿ. ಖಾಲಿ ಹಾಳೆಗಂತೂ ಎಂದಿಗೂ ಬೇಡ. ಸುಳ್ಳು ಹೇಳಿ ಎಂದು ನಾವು ಹೇಳುತ್ತಿಲ್ಲ. ತಿಳಿದದ್ದನ್ನು ಹೇಳಿ, ತಿಳಿಯದ ವರ್ಷಗಳ ಲೆಕ್ಕವನ್ನು ಊಹಿಸಿ ಹೇಳಬೇಡಿ.

ಸುಪ್ರೀಂ ಕೋರ್ಟು ಹೇಳಿದ್ದೇನು?

ಮೂರು ತೀರ್ಪುಗಳನ್ನು ನೆನಪಿನಲ್ಲಿಡಿ. ಎರಡು ನಮ್ಮ ಪರ, ಒಂದು ವಿರುದ್ಧ.

2015ರಲ್ಲಿ ಸುಲಭಾ ಪ್ರಕಾಶ ಮೋತೆಗಾಂವಕರ ಎಂಬುವರ ಪ್ರಕರಣದಲ್ಲಿ ಎಲ್‌ಐಸಿ ಹಣ ನಿರಾಕರಿಸಿತ್ತು. ಸತ್ತದ್ದು ಹೃದಯದ ಕಾಯಿಲೆಯಿಂದ. ಮುಚ್ಚಿಟ್ಟರೆಂದು ಹೇಳಿದ್ದು ಸೊಂಟದ ಮೂಳೆಯ ನೋವು. ಆ ನೋವಿಗೂ ಸಾವಿಗೂ ಸಂಬಂಧವಿಲ್ಲ, ಅದು ಜೀವ ತೆಗೆಯುವ ಕಾಯಿಲೆಯಲ್ಲ, ಅದನ್ನು ಹೇಳಲಿಲ್ಲವೆಂದು ಹಣ ನಿಲ್ಲಿಸಲಾಗದು ಎಂದು ಕೋರ್ಟು ತೀರ್ಮಾನಿಸಿತು. ಬೆನ್ನು ಸೊಂಟ ನೋಯದ ಗಿರಣಿ ಕೆಲಸಗಾರ ಯಾರಿದ್ದಾನೆ? ಈ ತೀರ್ಪು ನಮ್ಮ ಎಷ್ಟೋ ಮನೆಗಳಿಗೆ ಅನ್ವಯಿಸುತ್ತದೆ.

2024ರ ಏಪ್ರಿಲಿನಲ್ಲಿ ಮಹಾಕಾಳಿ ಸುಜಾತಾ ಎಂಬುವರ ಪ್ರಕರಣ ಬಂತು. ಅಲ್ಲಿ ಮುಚ್ಚಿಟ್ಟರೆಂದದ್ದು ಕಾಯಿಲೆಯಲ್ಲ, ಬೇರೆ ಕಂಪನಿಗಳಲ್ಲಿದ್ದ ಪಾಲಿಸಿಗಳು. ಆದರೆ ಅಲ್ಲಿ ಹೇಳಿದ ತತ್ತ್ವ ಎರಡಕ್ಕೂ ಒಂದೇ. ಕಂಪನಿ ಕೊಟ್ಟದ್ದು ಒಂದು ಪಟ್ಟಿ, ಅದಕ್ಕೆ ಆಧಾರದ ಕಾಗದ ಯಾವುದೂ ಇರಲಿಲ್ಲ. ಮುಚ್ಚಿಟ್ಟರು ಎನ್ನುವವರೇ ಅದನ್ನು ಸಾಬೀತು ಮಾಡಬೇಕು, ಬರೀ ಹೇಳಿಕೆ ಸಾಕ್ಷಿಯಲ್ಲ ಎಂದು ಕೋರ್ಟು ಹಣ ಕೊಡಿಸಿತು.

ವಿರುದ್ಧ ಬಂದದ್ದು 2020ರಲ್ಲಿ, ದಲ್ಬೀರ್ ಕೌರ್ ಪ್ರಕರಣ. 2014ರ ಆಗಸ್ಟಿನಲ್ಲಿ ಪಾಲಿಸಿ, ಸೆಪ್ಟೆಂಬರಿನಲ್ಲೇ ಸಾವು. ಅರ್ಜಿ ಹಾಕುವ ಹೊತ್ತಿಗೇ ಗಂಭೀರ ಕಾಯಿಲೆಗೆ ಚಿಕಿತ್ಸೆ ನಡೆದಿದ್ದು ದಾಖಲೆಯಲ್ಲಿತ್ತು. ಕೋರ್ಟು ಕಂಪನಿಯ ಪರ ತೀರ್ಪಿತ್ತಿತು. ಅಷ್ಟರಲ್ಲಿ ಮುದಿ ತಾಯಿಗೆ ಹಣ ಸಂದಾಯವಾಗಿದ್ದರಿಂದ ಅದನ್ನು ಹಿಂದಕ್ಕೆ ಪಡೆಯಬಾರದೆಂದು ಹೇಳಿತು, ಅದೊಂದೇ ಸಮಾಧಾನ. ಪಾಠ ಇಷ್ಟೆ: ಆಸ್ಪತ್ರೆಯ ಹಾಸಿಗೆಯಿಂದೆದ್ದು ಬಂದು "ನನಗೇನೂ ಇಲ್ಲ" ಎಂದು ಬರೆದವನ ಮನೆಯವರು ಗೆಲ್ಲುವುದು ಕಷ್ಟ. ಪ್ರತಿಯೊಂದು ನಿರಾಕರಣೆಯೂ ಅನ್ಯಾಯವೆಂದು ನಾವು ಹೇಳುವುದಿಲ್ಲ. ಪ್ರತಿಯೊಂದು ನಿರಾಕರಣೆಯನ್ನೂ ಪ್ರಶ್ನಿಸಿ ನೋಡಬೇಕು ಎನ್ನುತ್ತೇವೆ.

ಮೂರು ಬಾಗಿಲು

ಮೊದಲ ಬಾಗಿಲು ಕಂಪನಿಯದೇ. ನಾಮಿನಿಯಾದವರು ಪತ್ರ ಬರೆಯಬೇಕು, ಕನ್ನಡದಲ್ಲಿ ಬರೆದರೂ ಆದೀತು. ಪಾಲಿಸಿಯ ನಂಬರು, ಸಾವಿನ ದಿನ, ನಿರಾಕರಣೆಯ ದಿನ. ಪ್ರಪೋಸಲ್ ಫಾರಂ, ತನಿಖೆಯ ವರದಿ, ಆಧರಿಸಿದ ಆಸ್ಪತ್ರೆಯ ಕಾಗದಗಳು, ಇವುಗಳ ಪ್ರತಿ ಕೊಡಿ. ಈ ಸಂಗತಿ ಗೊತ್ತಿದ್ದರೆ ಪಾಲಿಸಿ ಕೊಡುತ್ತಿರಲಿಲ್ಲ ಎಂಬುದಕ್ಕೆ ಆಧಾರ ಕೊಡಿ. ತೀರ್ಮಾನವನ್ನು ಮತ್ತೆ ಪರಿಶೀಲಿಸಿ. ಇಷ್ಟು ಸಾಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀತಿ ಇಟ್ಟುಕೊಳ್ಳಿ. ಎಲ್‌ಐಸಿಯಾದರೆ ವಲಯ ಕಚೇರಿಯಲ್ಲಿ ನಿವೃತ್ತ ನ್ಯಾಯಾಧೀಶರೊಬ್ಬರು ಇರುವ ಕ್ಲೇಮು ವಿವಾದ ಸಮಿತಿಗೂ ಬರೆಯಬಹುದು.

ಒಂದು ತಿಂಗಳು ಕಾಯಿರಿ. ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ಎರಡನೆಯ ಬಾಗಿಲು: ವಿಮಾ ಓಂಬುಡ್ಸ್‌ಮನ್. ನಮ್ಮ ರಾಜ್ಯಕ್ಕೆ ಸೇರಿದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿದೆ. ಅಲ್ಲಿ ಫೀಸಿಲ್ಲ, ವಕೀಲರಿಗೆ ಪ್ರವೇಶವೂ ಇಲ್ಲ, ನಾಮಿನಿಯೇ ಮಾತಾಡಬೇಕು. 50 ಲಕ್ಷ ರೂಪಾಯಿಯವರೆಗೆ ಕೊಡಿಸುವ ಅಧಿಕಾರವಿದೆ. ಕಂಪನಿ ನಿಮ್ಮ ಮನವಿಯನ್ನು ತಳ್ಳಿಹಾಕಿದ ದಿನದಿಂದ ಒಂದು ವರ್ಷದೊಳಗೆ ದೂರು ಹಾಕಬೇಕು. ಕಾಗದಗಳೆಲ್ಲ ಸೇರಿದ ಮೇಲೆ 3 ತಿಂಗಳೊಳಗೆ ತೀರ್ಮಾನ, ಅದಾದ 30 ದಿನದೊಳಗೆ ಕಂಪನಿ ಹಣ ಕೊಡಬೇಕು. ಆ ತೀರ್ಮಾನ ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಸೋತರೂ ಮೂರನೆಯ ಬಾಗಿಲು ತೆರೆದೇ ಇರುತ್ತದೆ.

ಮೂರನೆಯದು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾನೂನಿನ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿಯ ಮುಖ್ಯ ಕಚೇರಿ ಇರುವ ಮುಂಬಯಿಗೆ ಓಡಬೇಕಾಗಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಕಟ್ಟಿದ ಕಂತಿನ ಮೊತ್ತ. ಅದು 5 ಲಕ್ಷದೊಳಗಿದ್ದರೆ ಫೀಸಿಲ್ಲ. ವಕೀಲರಿಲ್ಲದೆಯೂ ನಡೆಸಬಹುದು. ಇಲ್ಲಿ ವಿಮೆಯ ಹಣದ ಜೊತೆಗೆ ಬಡ್ಡಿ, ಮನೆಯವರು ಪಟ್ಟ ಸಂಕಟಕ್ಕೆ ಪರಿಹಾರ, ಖರ್ಚು ಎಲ್ಲ ಕೇಳಬಹುದು. ಸೋತ ಕಂಪನಿ ರಾಜ್ಯ ಆಯೋಗಕ್ಕೆ ಅಪೀಲು ಹೋಗಬೇಕಾದರೆ ಆದೇಶವಾದ ಹಣದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಆದರೆ ಒಂದು ಗಡುವಿದೆ: 2 ವರ್ಷದೊಳಗೆ ದೂರು ಹಾಕಬೇಕು. ನಮ್ಮ ಉದಾಹರಣೆಯ ಮನೆಗೆ 2024ರ ಫೆಬ್ರವರಿಯ ಪತ್ರದಿಂದ 2026ರ ಫೆಬ್ರವರಿಯವರೆಗೆ ಅವಕಾಶ. ಕಂಪನಿಗೆ ಮತ್ತೆ ಮತ್ತೆ ಪತ್ರ ಬರೆಯುತ್ತಾ ಕುಳಿತರೆ ಈ ಗಡುವು ತಾನಾಗಿ ಬೆಳೆಯುವುದಿಲ್ಲ. ಆಯೋಗದಲ್ಲಿ ದೂರು ಹಾಕಿದ ಮೇಲೆ ಅದೇ ವಿಷಯವನ್ನು ಓಂಬುಡ್ಸ್‌ಮನ್ ಕೇಳುವುದಿಲ್ಲ ಎಂಬುದೂ ನೆನಪಿರಲಿ. ಆದ್ದರಿಂದ ಮೊದಲು ಓಂಬುಡ್ಸ್‌ಮನ್, ಆಮೇಲೆ ಆಯೋಗ. ಅಥವಾ ನೇರವಾಗಿ ಆಯೋಗ.

ಇದು ಒಬ್ಬ ವಿಧವೆ ಒಂಟಿಯಾಗಿ ಹೊರಬೇಕಾದ ಹೊರೆಯಲ್ಲ. ಪ್ರತಿ ಗಿರಣಿಯ ಸಂಘದ ಆಫೀಸಿನಲ್ಲಿ, ಪ್ರತಿ ಪೇಟೆಯ ವರ್ತಕರ ಸಂಘದಲ್ಲಿ ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುವ ಒಬ್ಬರು ಕುಳಿತು, ಬಂದ ಕಾಗದದ ತಾರೀಖು ನೋಡಿ, ಮೇಲಿನ ಪತ್ರ ಬರೆದುಕೊಡಲಿ. ಅರ್ಧ ಗಂಟೆಯ ಕೆಲಸ. ಮನೆಯಲ್ಲಿ ಪಾಲಿಸಿ ಇರುವ ಪ್ರತಿಯೊಬ್ಬರೂ ಇಂದೇ ಆ ಕಾಗದದ ಜೊತೆಗಿರುವ ಪ್ರಪೋಸಲ್ ಫಾರಂನ ಪ್ರತಿಯನ್ನು ತೆಗೆದು, ಆರೋಗ್ಯದ ಪ್ರಶ್ನೆಗಳಿಗೆ ಏನೆಂದು ಬರೆದಿದ್ದಾರೆ ಎಂದು ಓದಿಸಿ ನೋಡಲಿ. ತಪ್ಪಿದ್ದರೆ ಬದುಕಿರುವಾಗಲೇ ಕಂಪನಿಗೆ ಬರೆದು ತಿದ್ದಿಸಲಿ. ಸತ್ತ ಮೇಲೆ ನಮ್ಮ ಪರವಾಗಿ ಮಾತಾಡುವುದು ಆ ಕಾಗದವೇ. ಅದರಲ್ಲಿ ನಮ್ಮ ಮಾತು ಇದೆಯೋ ಏಜೆಂಟನ ಮಾತು ಇದೆಯೋ, ಇಂದೇ ತಿಳಿದುಕೊಳ್ಳೋಣ.